25 ಅಡಿಗೆ ಸೋಲುವ ಪಂಪು, 60 ಅಡಿ ಏರುವ ಅಡಿಕೆ ಮರದ ನೀರು: ಮಗಳಿಗೆ ಹೇಗೆ ವಿವರಿಸಲಿ?

ತೋಟದಮನೆ, ತೀರ್ಥಹಳ್ಳಿ

ಮಗಳು ಹತ್ತನೇ ತರಗತಿಯಲ್ಲಿದ್ದಾಳೆ. ಕ್ಸೈಲಂ ನೀರನ್ನು ಮೇಲಕ್ಕೆ ಒಯ್ಯುತ್ತದೆ, ಫ್ಲೋಯಂ ಆಹಾರವನ್ನು ಸಾಗಿಸುತ್ತದೆ, ಎಲೆಯಿಂದ ನೀರು ಆವಿಯಾಗುವಾಗ ಹುಟ್ಟುವ ಸೆಳೆತವೇ ಬೇರಿನಿಂದ ನೀರನ್ನು ಮೇಲೆಳೆಯುತ್ತದೆ ಎಂದು ಅವಳ ಪಾಠದಲ್ಲಿದೆ. ದೀಪಾವಳಿ ಕಳೆಯಿತು, ಇನ್ನು ತೋಟಕ್ಕೆ ನೀರು ಬಿಡಬೇಕೆಂದು ನಾನು ಅಂಗಳದಲ್ಲಿ ಪಂಪು ಬಿಚ್ಚಿಕೊಂಡು ಕುಳಿತಿದ್ದಾಗ ಅವಳು ಪುಸ್ತಕ ಹಿಡಿದು ಬಂದು, "ಅಪ್ಪಯ್ಯ, ಪಂಪನ್ನು ನೀರಿಗಿಂತ 25 ಅಡಿ ಮೇಲಿಟ್ಟರೆ ನೀರೆಳೆಯುವುದಿಲ್ಲ ಎಂದು ನೀನೇ ಹೇಳುತ್ತೀಯಲ್ಲ, ಹಾಗಾದರೆ ಹಿತ್ತಲಿನ 60 ಅಡಿ ಅಡಿಕೆ ಮರದ ಸೋಗೆ ಹೇಗೆ ಎಳೆಯುತ್ತದೆ? ಅದಕ್ಕೆ ಕರೆಂಟೂ ಇಲ್ಲ" ಎಂದು ಕೇಳಿದಳು.

ನನಗೆ ಉತ್ತರ ಹೊಳೆಯಲಿಲ್ಲ. ಮೂವತ್ತು ವರ್ಷ ಆ ಮರಗಳಿಗೆ ನೀರು ಹಾಯಿಸಿದ್ದೇನೆ, ಬುಡಕ್ಕೆ ಬಿಟ್ಟ ನೀರು ತುದಿಗೆ ಹೇಗೆ ಹೋಗುತ್ತದೆ ಎಂದು ಒಂದು ದಿನವೂ ಯೋಚಿಸಿಲ್ಲ. ತಿಳಿದವರು ದಯವಿಟ್ಟು ಹೇಳಿ. ಪರೀಕ್ಷೆಗೆ ಬರೆಯುವ ಎರಡು ಸಾಲು ಅವಳ ಹತ್ತಿರ ಇದೆ. ಅವಳಿಗೆ ಬೇಕಾಗಿರುವುದು ಅದಲ್ಲ.

ಮೋಟಾರ್ ರಿಪೇರಿ, ಸಾಗರ

ನಿಮ್ಮ ಮಗಳು ಸರಿಯಾದ ಜಾಗಕ್ಕೇ ಕೈ ಹಾಕಿದ್ದಾಳೆ. ಮೊದಲು ಒಂದು ಮಾತನ್ನು ತಿದ್ದಿಕೊಳ್ಳೋಣ: ಪಂಪು ನೀರನ್ನು ಎಳೆಯುವುದೇ ಇಲ್ಲ. ಅದು ಸಕ್ಷನ್ ಪೈಪಿನೊಳಗಿನ ಒತ್ತಡವನ್ನು ತಗ್ಗಿಸುತ್ತದೆ, ಆಗ ಹೊರಗಿನ ಗಾಳಿ ಬಾವಿಯ ನೀರನ್ನು ಒತ್ತಿ ಪೈಪಿನೊಳಕ್ಕೆ ಏರಿಸುತ್ತದೆ. ಗಾಳಿಯ ಒತ್ತಡಕ್ಕೆ ಇರುವ ಶಕ್ತಿ ಸಮುದ್ರ ಮಟ್ಟದಲ್ಲಿ ಸುಮಾರು 10.3 ಮೀಟರ್, ಅಂದರೆ 34 ಅಡಿ ನೀರನ್ನು ಎತ್ತಿ ಹಿಡಿಯುವಷ್ಟು ಮಾತ್ರ. ಘಟ್ಟದ ಮೇಲಿರುವ ನಮಗೆ ಅದರಲ್ಲಿ ಅರ್ಧ ಮೀಟರಿಗೂ ಹೆಚ್ಚು ಖೋತಾ ಆಗುತ್ತದೆ. ಫುಟ್ ವಾಲ್ವಿನ ತಡೆ, ಪೈಪಿನ ಘರ್ಷಣೆ, ಎಲ್ಲೋ ಸೋರುವ ಒಂದು ವಾಷರ್, ಇವೆಲ್ಲ ಕಳೆದು ಕೈಗೆ ಸಿಗುವುದು ನಿಮ್ಮ 25 ಅಡಿ. ಎಷ್ಟೇ ದುಡ್ಡು ಕೊಟ್ಟು ದೊಡ್ಡ ಪಂಪು ತಂದರೂ ಸಕ್ಷನ್ನಿನಲ್ಲಿ 34 ಅಡಿ ದಾಟಿಸಲು ಯಾರಿಂದಲೂ ಆಗದು.

ಆದ್ದರಿಂದ ನನ್ನ ಲೆಕ್ಕದಲ್ಲಿ ಮರವೂ ಎಳೆಯುವುದಿಲ್ಲ. ಕೊಳವೆಬಾವಿಯ ಸಬ್‌ಮರ್ಸಿಬಲ್ ಕೆಳಗಿನಿಂದ ನೂಕುವಂತೆ ಬೇರೇ ನೂಕುತ್ತಿರಬೇಕು.

ಕೆಸುವಿನ ಗದ್ದೆ, ಹೊಸನಗರ

ಸಾಗರದ ಅಣ್ಣ ಹೇಳಿದ್ದೇ ನಿಜ ಎಂದು ನನಗೂ ಅನ್ನಿಸುತ್ತದೆ. ಬೆಳಗಿನ ಜಾವ ಕೆಸುವಿನ ಎಲೆಯ ತುದಿಯನ್ನು ನೋಡಿ. ಮಂಜು ಬೀಳದ ದಿನವೂ ಅಲ್ಲಿಂದ ಹನಿ ಹನಿಯಾಗಿ ನೀರು ತೊಟ್ಟಿಕ್ಕುತ್ತಿರುತ್ತದೆ. ಭತ್ತದ ಸಸಿಯ ಗರಿಯ ತುದಿಯಲ್ಲೂ ಮಣಿಯಂತೆ ನಿಂತಿರುತ್ತದೆ. ಸೂರ್ಯನೇ ಇಲ್ಲದ ಹೊತ್ತಿನಲ್ಲಿ ಎಲೆ ಏನನ್ನು ಎಳೆದೀತು? ಬೇರು ನೂಕದೆ ಆ ನೀರು ಹೊರಗೆ ಬರಲು ಸಾಧ್ಯವಿಲ್ಲ.

ಬಿ.ಎಸ್ಸಿ. ಎರಡನೇ ವರ್ಷ, ಶಿವಮೊಗ್ಗ

ಎಲ್ಲರೂ ಲೋಮನಾಳ ಕ್ರಿಯೆಯನ್ನು ಮರೆತಂತಿದೆ. ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ಸಣ್ಣ ಕೊಳವೆಯಲ್ಲಿ ನೀರು ತಾನಾಗಿಯೇ ಏರುತ್ತದೆ. ಕೊಳವೆ ಕಿರಿದಾದಷ್ಟೂ ಏರುವ ಎತ್ತರ ಹೆಚ್ಚು. ಕ್ಸೈಲಂ ಕೊಳವೆಗಳು ಕಣ್ಣಿಗೆ ಕಾಣದಷ್ಟು ಕಿರಿದು. ಉತ್ತರ ಇಷ್ಟೇ.

ಸಸ್ಯಶಾಸ್ತ್ರ ನಿವೃತ್ತೆ, ಶಿವಮೊಗ್ಗ

ಇಷ್ಟೇ ಅಲ್ಲ, ಮಗೂ. ಲೆಕ್ಕ ಹಾಕಿ ನೋಡು. ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ ಅಗಲದ ಕೊಳವೆಯಲ್ಲಿ ನೀರು ತಾನಾಗಿ ಏರುವುದು ಸುಮಾರು 30 ಸೆಂಟಿಮೀಟರ್, ಅಂದರೆ ಒಂದು ಅಡಿ. ಅಗಲ ಅದರ ಹತ್ತನೇ ಒಂದಾದರೆ 3 ಮೀಟರ್. ಅಡಿಕೆ ಮರದ 18 ಮೀಟರ್ ಮುಟ್ಟಬೇಕಾದರೆ ಕೊಳವೆ ಎಷ್ಟು ಕಿರಿದಾಗಬೇಕೆಂದರೆ, ಅದರೊಳಗೆ ನೀರು ಹರಿದು ಸೋಗೆಗೆ ಸಾಕಾಗುವುದೇ ಇಲ್ಲ. ಆದರೂ ನಿನ್ನ ಮಾತನ್ನು ತಳ್ಳಿಹಾಕಬೇಡ. ಅದಕ್ಕೊಂದು ಜಾಗವಿದೆ, ಕಾಂಡದಲ್ಲಲ್ಲ, ಎಲೆಯಲ್ಲಿ. ಮುಂದೆ ಬರುತ್ತೇನೆ.

ಹೊಸನಗರದ ತಂಗಿ ಕಂಡದ್ದು ಬೇರಿನ ಒತ್ತಡವೇ, ಅದರಲ್ಲಿ ಎರಡು ಮಾತಿಲ್ಲ. ರಾತ್ರಿ ಬೇರು ಲವಣಗಳನ್ನು ಕ್ಸೈಲಮಿಗೆ ತುಂಬುತ್ತದೆ, ಅದರ ಬೆನ್ನಿಗೆ ನೀರು ಒಳನುಗ್ಗುತ್ತದೆ, ಎಲೆ ಖರ್ಚು ಮಾಡದ ನೀರು ತುದಿಯಲ್ಲಿ ಹನಿಯುತ್ತದೆ. ಆದರೆ ಆ ಒತ್ತಡ ಸಾಮಾನ್ಯವಾಗಿ ಒಂದು ವಾಯುಭಾರಕ್ಕಿಂತ ಕಡಿಮೆ, ಬಹಳವಾದರೆ ಎರಡು. ಕೆಸುವಿಗೆ ಅದು ಬೇಕಾದಷ್ಟಾಯಿತು. ಮಾರ್ಚ್ ತಿಂಗಳ ನಡುಹಗಲಿನಲ್ಲಿ, ಎಲೆ ಸರಸರನೆ ನೀರು ಕಳೆದುಕೊಳ್ಳುವಾಗ ಆ ಒತ್ತಡ ಇರುವುದೇ ಇಲ್ಲ. ಬೇರು ನೂಕುತ್ತಿದ್ದರೆ ಆ ಹೊತ್ತಿನಲ್ಲಿ ಮರಕ್ಕೆ ಗಾಯ ಮಾಡಿದ ಕಡೆ ನೀರು ಚಿಮ್ಮಬೇಕಿತ್ತು. ಹಾಗೆ ಆಗುವುದಿಲ್ಲ, ಗಾಯ ಗಾಳಿಯನ್ನು ಒಳಕ್ಕೆಳೆದುಕೊಳ್ಳುತ್ತದೆ.

ಈಗ ತೀರ್ಥಹಳ್ಳಿಯ ಹುಡುಗಿಯ ಪ್ರಶ್ನೆ. ಕಾಗದದ ಮೇಲೆ ಅಡಿಕೆ ಮರ ಬರೆದು, ಬುಡದಲ್ಲಿ 1 ಎಂದು ಬರೆಯಲಿ. ಒದ್ದೆ ಮಣ್ಣಿನ ನೀರಿಗೆ ಸುತ್ತಲಿನ ಗಾಳಿಯದೇ ಒತ್ತಡ, ಅಂದರೆ ಸುಮಾರು ಒಂದು ವಾಯುಭಾರ. ಮೇಲೆ ಹೋದಂತೆ ಪ್ರತಿ 10 ಮೀಟರಿಗೆ ನೀರಿನ ತೂಕವೇ ಒಂದು ವಾಯುಭಾರವನ್ನು ತಿನ್ನುತ್ತದೆ. ನೀರು ಹರಿಯುವಾಗ ಕೊಳವೆಯ ಗೋಡೆಗೆ ಉಜ್ಜಿಕೊಂಡು ಹೋಗಲು ಹೆಚ್ಚು ಕಡಿಮೆ ಅಷ್ಟೇ ಮತ್ತೊಮ್ಮೆ ಬೇಕು ಎಂದು ಇಟ್ಟುಕೊಳ್ಳೋಣ. ಹಾಗಾದರೆ 5 ಮೀಟರ್ ಎತ್ತರದಲ್ಲೇ ಒತ್ತಡ ಸೊನ್ನೆ. ಇನ್ನೂ 13 ಮೀಟರ್ ಬಾಕಿ ಇದೆ. ಲೆಕ್ಕ ಮುಂದುವರಿಸಿದರೆ ಸೋಗೆಯ ಬುಡದಲ್ಲಿ ಸುಮಾರು ಮೈನಸ್ 2.6 ವಾಯುಭಾರ ಬರುತ್ತದೆ. ಮಣ್ಣು ಒಣಗಿದ್ದರೆ ಇನ್ನೂ ಕೆಳಗೆ.

ಸೊನ್ನೆಗಿಂತ ಕೆಳಗಿನ ಒತ್ತಡ ಎಂದರೇನು? ಗಾಳಿಗೆ ಅಂಥದ್ದು ಇಲ್ಲ. ಗಾಳಿಯ ಕಣಗಳು ಒಂದನ್ನೊಂದು ಹಿಡಿದುಕೊಂಡಿಲ್ಲ, ಎಲ್ಲವನ್ನೂ ತೆಗೆದ ಮೇಲೆ ಉಳಿಯುವುದು ಬರಿದು. ನೀರು ಹಾಗಲ್ಲ, ಅದರ ಕಣಗಳು ಒಂದರ ಕೈ ಒಂದು ಹಿಡಿದಿವೆ. ಈ ಹಿಡಿತಕ್ಕೇ ಸಂಸಕ್ತಿ ಎನ್ನುವುದು. ಹಗ್ಗವನ್ನು ಎಳೆದಾಗ ಅದು ಬಿಗಿಯಾಗುವಂತೆ ನೀರಿನ ಎಳೆಯೂ ಬಿಗಿಯಾಗುತ್ತದೆ, ಮೈನಸ್ ಎಂದರೆ ಆ ಬಿಗಿತದ ಅಳತೆ. ಪಂಪಿನ ಪೈಪಿನಲ್ಲಿ ಗಾಳಿ ಕೆಳಗಿನಿಂದ ನೂಕುತ್ತದೆ, ಆದ್ದರಿಂದ ಗಾಳಿಯ ಶಕ್ತಿ ಮುಗಿದಲ್ಲಿ ನೀರು ನಿಲ್ಲುತ್ತದೆ. ಮರದಲ್ಲಿ ಮೇಲಿನ ನೀರು ಕೆಳಗಿನ ನೀರನ್ನು ಹಿಡಿದು ಎತ್ತುತ್ತದೆ. 34 ಅಡಿಯ ಮಿತಿ ಗಾಳಿಯದು, ನೀರಿನದಲ್ಲ.

ಹಗ್ಗದ ಮೇಲಿನ ತುದಿಯನ್ನು ಹಿಡಿದವರು ಯಾರು ಎಂದು ಅವಳು ಖಂಡಿತ ಕೇಳುತ್ತಾಳೆ. ಎಲೆಯೊಳಗಿನ ಕೋಶಗಳ ಗೋಡೆ ಒದ್ದೆ ಬಟ್ಟೆಯಂತೆ ನೂಲುನೂಲಾಗಿದ್ದು, ನೂಲುಗಳ ನಡುವೆ ಒಂದು ಮಿಲಿಮೀಟರಿನ ಲಕ್ಷದಲ್ಲಿ ಒಂದು ಭಾಗದಷ್ಟು ಸಣ್ಣ ಸಂದುಗಳಿವೆ. ನೀರು ಆವಿಯಾದಂತೆ ಉಳಿದ ನೀರು ಆ ಸಂದುಗಳೊಳಕ್ಕೆ ಸರಿಯುತ್ತದೆ, ಅದರ ಮೇಲ್ಮೈ ಒಳಬಾಗುತ್ತದೆ, ಗೋಡೆಗೆ ಅಂಟಿಕೊಂಡೇ ಹಿಂದಿನ ನೀರನ್ನು ಎಳೆಯುತ್ತದೆ. ಲೋಮನಾಳ ಕ್ರಿಯೆಯ ಜಾಗ ಇದು. ಇಷ್ಟು ಕಿರಿದಾದ ಸಂದಿನಲ್ಲಿ ನಿಂತ ನೀರಿನ ಮೇಲ್ಮೈ ಲೆಕ್ಕದ ಪ್ರಕಾರ ಸುಮಾರು 3 ಕಿಲೋಮೀಟರ್ ಉದ್ದದ ನೀರಿನ ಎಳೆಯನ್ನು ತೂಗಿ ಹಿಡಿಯಬಲ್ಲದು. 18 ಮೀಟರ್ ಅದಕ್ಕೆ ಏನೂ ಅಲ್ಲ. ಕರೆಂಟು ಎಲ್ಲಿದೆ ಎಂದು ಕೇಳಿದಳಲ್ಲ, ಆ ನೀರನ್ನು ಆವಿ ಮಾಡುವ ಬಿಸಿಲೇ ಕರೆಂಟು. ಮರ ತನ್ನ ಕೈಯಿಂದ ಏನನ್ನೂ ಖರ್ಚು ಮಾಡುವುದಿಲ್ಲ.

ತೋಟದಮನೆ, ತೀರ್ಥಹಳ್ಳಿ

ಮೇಡಂ, ಇದನ್ನು ಮಗಳಿಗೆ ಓದಿ ಹೇಳಿದೆ. 5 ಮೀಟರಿನ ಹತ್ತಿರ ಕೆಂಪು ಗೆರೆ ಎಳೆದು ಸೊನ್ನೆ ಎಂದು ಬರೆದುಕೊಂಡಿದ್ದಾಳೆ. ಆ ಗೆರೆಯ ಮೇಲೆ ಮರದೊಳಗೆ ಇರುವುದೆಲ್ಲ ಬಿಗಿದ ನೀರೇ ಎಂಬುದನ್ನು ನಂಬಲು ನನಗೇ ಸ್ವಲ್ಪ ಹೊತ್ತು ಬೇಕಾಯಿತು.

ಮೋಟಾರ್ ರಿಪೇರಿ, ಸಾಗರ

ಮೇಡಂ, ನಿಮ್ಮ ಮೇಲೆ ಗೌರವವಿದೆ, ಆದರೆ ಒಪ್ಪಲು ಆಗುತ್ತಿಲ್ಲ. ಸಕ್ಷನ್ ಒತ್ತಡ ಸೊನ್ನೆಯ ಹತ್ತಿರ ಬಂದರೆ ನೀರು ತಣ್ಣಗಿದ್ದರೂ ಕುದಿಯುತ್ತದೆ. ಪಂಪಿನೊಳಗೆ ಜಲ್ಲಿಕಲ್ಲು ಹಾಕಿ ತಿರುಗಿಸಿದಂತೆ ಸದ್ದು ಬರುತ್ತದೆ, ಆ ಗುಳ್ಳೆಗಳು ಒಡೆದು ಒಡೆದು ಇಂಪೆಲ್ಲರ್ ಇಲ್ಲಣದ ಜೇಡರಬಲೆಯ ಹಾಗೆ ತೂತು ತೂತಾಗಿರುವುದನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. ನನ್ನ ಪೈಪಿನಲ್ಲಿ ಸೊನ್ನೆಗೇ ತುಂಡಾಗುವ ನೀರು, ಮರದಲ್ಲಿ ಮೈನಸ್ ಎರಡೂವರೆಗೂ ತುಂಡಾಗದೆ ಉಳಿಯುವುದು ಹೇಗೆ? ನೀರು ಅದೇ ನೀರಲ್ಲವೇ?

ಸಸ್ಯಶಾಸ್ತ್ರ ನಿವೃತ್ತೆ, ಶಿವಮೊಗ್ಗ

ನೀರು ಅದೇ, ಪಾತ್ರೆ ಬೇರೆ. ನೀರು ತುಂಡಾಗಲು ಒಂದು ಮೊಳಕೆ ಬೇಕು, ಆ ಮೊಳಕೆ ಎಂದರೆ ಮೊದಲೇ ಇರುವ ಒಂದು ಸಣ್ಣ ಗುಳ್ಳೆ. ನಿಮ್ಮ ಪೈಪಿನ ಗೀರಿನಲ್ಲಿ, ತುಕ್ಕಿನಲ್ಲಿ, ತೇಲುವ ಮಣ್ಣಿನ ಕಣದಲ್ಲಿ ಅಂಥ ಗುಳ್ಳೆಗಳು ಲೆಕ್ಕವಿಲ್ಲದಷ್ಟು ಅಂಟಿಕೊಂಡಿರುತ್ತವೆ. ಒತ್ತಡ ಇಳಿದ ಕೂಡಲೇ ಅವು ಉಬ್ಬುತ್ತವೆ. ಕ್ಸೈಲಂ ಕೊಳವೆ ಹುಟ್ಟಿದ್ದೇ ರಸ ತುಂಬಿದ ಜೀವಂತ ಕೋಶಗಳಾಗಿ. ಅವು ಸತ್ತು ಟೊಳ್ಳಾದರೂ ನೀರು ಒಂದು ಕ್ಷಣವೂ ಖಾಲಿಯಾಗಿಲ್ಲ, ಒಳಗೆ ಗಾಳಿ ಬಂದೇ ಇಲ್ಲ. ಒಳಬರುವ ನೀರೆಲ್ಲ ಬೇರಿನ ಜೀವಂತ ಪೊರೆಯಲ್ಲಿ ಸೋಸಿ ಬಂದದ್ದು. ಗೋಡೆಯೂ ನೀರನ್ನು ಒಲಿಯುವ ಗೋಡೆ, ಗುಳ್ಳೆ ಅಂಟಲು ಅಲ್ಲಿ ಜಾಗ ಸಿಗುವುದಿಲ್ಲ.

ಶುದ್ಧ ನೀರಿನ ಹಿಡಿತ ಎಷ್ಟೆಂದು ನೋಡಿದವರಿದ್ದಾರೆ. 1950ರಲ್ಲಿ ಬ್ರಿಗ್ಸ್ ಎಂಬ ವಿಜ್ಞಾನಿ ನೀರು ತುಂಬಿದ ಗಾಜಿನ ಸಣ್ಣ ಕೊಳವೆಯನ್ನು ವೇಗವಾಗಿ ತಿರುಗಿಸಿ, 270ಕ್ಕೂ ಹೆಚ್ಚು ವಾಯುಭಾರದ ಸೆಳೆತದವರೆಗೆ ಅದು ತುಂಡಾಗದಿರುವುದನ್ನು ತೋರಿಸಿದರು. ಮರಕ್ಕೆ ಅಷ್ಟೆಲ್ಲ ಬೇಕಾಗಿಯೇ ಇಲ್ಲ.

ಹಾಗೆಂದು ಮರದಲ್ಲಿ ಎಳೆ ತುಂಡಾಗುವುದೇ ಇಲ್ಲ ಎಂದಲ್ಲ. 1966ರಲ್ಲಿ ಮಿಲ್ಬರ್ನ್ ಮತ್ತು ಜಾನ್ಸನ್ ಒಣಗುತ್ತಿರುವ ಹರಳೆಲೆಯ ತೊಟ್ಟಿಗೆ ಸೂಕ್ಷ್ಮವಾದ ಕಂಪನಗ್ರಾಹಿ ಹಚ್ಚಿ ಕೇಳಿದಾಗ ಟಕ್ ಟಕ್ ಎಂಬ ಸದ್ದುಗಳು ದಾಖಲಾದವು. ಒಂದೊಂದೂ ಒಂದು ನೀರಿನ ಎಳೆ ಕಡಿದ ಸದ್ದು. ನಿಮ್ಮ ಜಲ್ಲಿಕಲ್ಲಿನ ಸದ್ದಿನ ಬಹಳ ಸಣ್ಣ ತಂಗಿ ಅದು.

ಮೋಟಾರ್ ರಿಪೇರಿ, ಸಾಗರ

ಸದ್ದು ಎಂದ ಮೇಲೆ ನಂಬಿದೆ. ಆದರೆ ನನ್ನ ಪಂಪಿಗೆ ಒಮ್ಮೆ ಗಾಳಿ ಹಿಡಿದರೆ ಇಡೀ ಲೈನ್ ನಿಲ್ಲುತ್ತದೆ, ಮತ್ತೆ ನೀರು ತುಂಬಿಸಿಯೇ ಚಾಲೂ ಮಾಡಬೇಕು. ಮರ ಏಕೆ ನಿಲ್ಲುವುದಿಲ್ಲ?

ಸಸ್ಯಶಾಸ್ತ್ರ ನಿವೃತ್ತೆ, ಶಿವಮೊಗ್ಗ

ಮರಕ್ಕೆ ಒಂದೇ ಲೈನ್ ಅಲ್ಲ, ಸಾವಿರಾರು ಲೈನ್‌ಗಳು ಅಕ್ಕಪಕ್ಕ ಇವೆ. ಪಕ್ಕದ ಕೊಳವೆಗೆ ದಾರಿ ಇರುವುದು ಗೋಡೆಯ ಸಣ್ಣ ಕಿಂಡಿಗಳ ಮೂಲಕ, ಕಿಂಡಿಗೆ ಜರಡಿಯಂಥ ಪೊರೆ ಇದೆ. ಪೊರೆಯಲ್ಲಿ ನೀರು ದಾಟುತ್ತದೆ, ಗುಳ್ಳೆ ಸಿಕ್ಕಿಹಾಕಿಕೊಳ್ಳುತ್ತದೆ. ಒಂದು ಕೊಳವೆಗೆ ಗಾಳಿ ಹಿಡಿದರೆ ಅದೊಂದೇ ಹೋಗುತ್ತದೆ, ನೀರು ಸುತ್ತಿಕೊಂಡು ಪಕ್ಕದಲ್ಲಿ ಏರುತ್ತದೆ. ಬರಗಾಲದಲ್ಲಿ ಸೆಳೆತ ವಿಪರೀತವಾದಾಗ ಗುಳ್ಳೆ ಆ ಪೊರೆಯನ್ನೂ ನುಸುಳಿ ಪಕ್ಕದ ಕೊಳವೆಗೆ ಹೋಗುತ್ತದೆ. ಹಾಗೆ ಒಂದರ ಹಿಂದೆ ಒಂದು ಕೊಳವೆ ಸೋತರೆ, ಆಮೇಲೆ ಎಷ್ಟು ನೀರು ಬಿಟ್ಟರೂ ಮರ ಚೇತರಿಸಿಕೊಳ್ಳದೆ ಒಣಗುತ್ತದೆ.

ತೆಂಗಿನ ತೋಟ, ಭದ್ರಾವತಿ

ನನ್ನದೂ ನೀರಿನ ಸಮಸ್ಯೆಯೇ. ತೆಂಗಿನ ಮರಗಳಿಗೆ ಬೇರಿನ ಮೂಲಕ ಔಷಧಿ ಉಣಿಸಲು ಹೇಳಿದ್ದರು. ಎಳೆಯ ಬೇರನ್ನು ಓರೆಯಾಗಿ ಕತ್ತರಿಸಿ, ದ್ರಾವಣದ ಪ್ಲಾಸ್ಟಿಕ್ ಚೀಲದೊಳಗೆ ಅದ್ದಿ ಕಟ್ಟಿದೆ. ಕೆಲವು ಮರಗಳಲ್ಲಿ ಮರುದಿನಕ್ಕೇ ಚೀಲ ಖಾಲಿ, ಕೆಲವು ಮರಗಳಲ್ಲಿ ಮೂರು ದಿನವಾದರೂ ಹಾಗೆಯೇ ಇದೆ. ಔಷಧಿ ಕಲಬೆರಕೆಯೇ ಎಂದು ತಿಳಿದವರು ಹೇಳಬಹುದೇ?

ಬಿ.ಎಸ್ಸಿ. ಎರಡನೇ ವರ್ಷ, ಶಿವಮೊಗ್ಗ

ಸರ್, ಇಲ್ಲಿ ಚರ್ಚೆ ನಡೆಯುತ್ತಿರುವುದು ಅಡಿಕೆ ಮರದ ನೀರು ಸಾಗಣೆಯ ಬಗ್ಗೆ.

ಸಸ್ಯಶಾಸ್ತ್ರ ನಿವೃತ್ತೆ, ಶಿವಮೊಗ್ಗ

ಭದ್ರಾವತಿಯವರು ಕೇಳಿದ್ದು ಬೇರೆಯಾದರೂ ತಂದಿರುವುದು ಇದೇ ವಿಷಯವನ್ನು. ಆ ಚೀಲದಿಂದ ಔಷಧಿಯನ್ನು ಒಳಕ್ಕೆ ಸೆಳೆಯುವುದು ಸೋಗೆಯ ತುದಿಯಿಂದ ಬಂದ ಸೆಳೆತವೇ. ಸರ್, ಖಾಲಿಯಾಗದ ಮರಗಳಿಗೆ ಯಾವ ಹೊತ್ತಿನಲ್ಲಿ ಕಟ್ಟಿದಿರಿ? ಬೇರು ಕತ್ತರಿಸಿದ ಮೇಲೆ ಚೀಲ ಕಟ್ಟುವವರೆಗೆ ಎಷ್ಟು ಹೊತ್ತಾಯಿತು?

ತೆಂಗಿನ ತೋಟ, ಭದ್ರಾವತಿ

ಈಗ ನೆನಪಾಗುತ್ತಿದೆ ಮೇಡಂ. ಮೊದಲು ಎಲ್ಲ ಮರಗಳ ಬೇರು ಕತ್ತರಿಸಿಕೊಂಡು ಬಂದು, ಊಟ ಮುಗಿಸಿ ಆಮೇಲೆ ಕಟ್ಟುತ್ತಾ ಹೋದೆ. ಕೊನೆಯ ಸಾಲಿನವು ಖಾಲಿಯಾಗಲಿಲ್ಲ. ಆ ಹೊತ್ತಿಗೆ ಮೋಡವೂ ಕವಿದಿತ್ತು.

ಸಸ್ಯಶಾಸ್ತ್ರ ನಿವೃತ್ತೆ, ಶಿವಮೊಗ್ಗ

ಎರಡೂ ಕಾರಣ ಇರಬಹುದು. ಬಿಗಿದ ಎಳೆಯನ್ನು ಕತ್ತರಿಸಿದ ಕ್ಷಣದಲ್ಲೇ ನೀರು ಒಳಸರಿದು, ತೆರೆದ ಕೊಳವೆಗಳು ಗಾಳಿ ತುಂಬಿಕೊಳ್ಳುತ್ತವೆ. ಗಾಯವೂ ಅಂಟು ಸುರಿಸಿ ಮುಚ್ಚಿಕೊಳ್ಳುತ್ತದೆ. ಅದೇ ಬೇರನ್ನು ಒಂದೆರಡು ಅಂಗುಲ ಹಿಂದಕ್ಕೆ, ಬಿಸಿಲಿರುವಾಗ, ಹೊಸದಾಗಿ ಕತ್ತರಿಸಿ ತಕ್ಷಣ ಕಟ್ಟಿ ನೋಡಿ. ಹೂದಾನಿಗೆ ಇಡುವ ಹೂವಿನ ದಂಟನ್ನು ನೀರಿನೊಳಗೇ ಕತ್ತರಿಸಬೇಕು ಎನ್ನುವುದೂ ಇದಕ್ಕಾಗಿಯೇ. ಔಷಧಿ ಸರಿಯೇ ತಪ್ಪೇ ಎಂಬುದು ಅದಾದ ಮೇಲಿನ ಮಾತು.

ಹಳೆಯ ಓದುಗ, ಕೊಪ್ಪ

ಇಡೀ ಚರ್ಚೆಯಲ್ಲಿ ಮರವನ್ನು ಪ್ಲಾಸ್ಟಿಕ್ ಪೈಪಿನಂತೆ ನೋಡುತ್ತಿದ್ದೀರಿ ಎಂಬುದು ನನ್ನ ಆಕ್ಷೇಪ. ನಮ್ಮವರೇ ಆದ ಜಗದೀಶಚಂದ್ರ ಬೋಸರು 1923ರಲ್ಲಿ, ಕಾಂಡದೊಳಗಿನ ಜೀವಕೋಶಗಳು ಹೃದಯದಂತೆ ಮಿಡಿದು ರಸವನ್ನು ಮೇಲೇರಿಸುತ್ತವೆ ಎಂದು ಪ್ರಯೋಗಗಳ ಆಧಾರದ ಮೇಲೆಯೇ ಬರೆದಿದ್ದರು. ಅದನ್ನು ಮಕ್ಕಳಿಗೆ ಏಕೆ ಹೇಳುವುದಿಲ್ಲ? ಡಬ್ಲಿನ್ನಿನ ಡಿಕ್ಸನ್ ಮತ್ತು ಜೋಲಿ 1894ರಲ್ಲಿ ಹೇಳಿದ್ದು ಮಾತ್ರ ಪಾಠವಾಯಿತು.

ಸಸ್ಯಶಾಸ್ತ್ರ ನಿವೃತ್ತೆ, ಶಿವಮೊಗ್ಗ

ಬೋಸರ ಬಗ್ಗೆ ನಿಮಗಿರುವಷ್ಟೇ ಅಭಿಮಾನ ನನಗೂ ಇದೆ. ಸಸ್ಯ ಪ್ರಚೋದನೆಗೆ ಸ್ಪಂದಿಸುವುದನ್ನು ಅವರು ಅಳೆದು ತೋರಿಸಿದ್ದು ದೊಡ್ಡ ಕೆಲಸ. ರಸದ ಏರಿಕೆಯ ಬಗ್ಗೆ ಅವರ ಮಾತು ಮಾತ್ರ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಅವರಿಗಿಂತ ಮೊದಲೇ, 1890ರ ದಶಕದ ಆರಂಭದಲ್ಲಿ, ಜರ್ಮನಿಯಲ್ಲಿ ಸ್ಟ್ರಾಸ್‌ಬುರ್ಗರ್ 20 ಮೀಟರಿಗೂ ಎತ್ತರದ ಓಕ್ ಮರವನ್ನು ಬುಡದಲ್ಲಿ ಕೊಯ್ದು ವಿಷದ ದ್ರಾವಣದಲ್ಲಿ ನಿಲ್ಲಿಸಿದ್ದರು. ದಾರಿಯಲ್ಲಿದ್ದ ಜೀವಕೋಶಗಳನ್ನೆಲ್ಲ ಕೊಲ್ಲುತ್ತಾ ವಿಷ ತುದಿಯ ಎಲೆಗಳವರೆಗೂ ಏರಿತು, ಅದರ ಹಿಂದೆ ಕೊಟ್ಟ ಬಣ್ಣವೂ ಏರಿತು. ಮಿಡಿಯುವ ಕೋಶಗಳೇ ಎತ್ತುವುದಾಗಿದ್ದರೆ ಅವು ಸತ್ತ ಎತ್ತರದಲ್ಲೇ ಏರಿಕೆ ನಿಲ್ಲಬೇಕಿತ್ತು. ಎಲೆಗಳು ಸತ್ತು ಒಣಗಿದ ಮೇಲೆ ಏರಿಕೆ ನಿಂತಿತು.

ಹಳೆಯ ಓದುಗ, ಕೊಪ್ಪ

ಕೊಯ್ದ ಮರದ ವರ್ತನೆಯಿಂದ ಬೇರಿರುವ ಮರದ ಬಗ್ಗೆ ತೀರ್ಮಾನಿಸಬಹುದೇ? ನನಗೆ ಇನ್ನೂ ಪೂರ್ತಿ ಸಮಾಧಾನವಾಗಿಲ್ಲ. ಮೈನಸ್ ಒತ್ತಡವನ್ನು ನಿಂತ ಮರದಲ್ಲಿ ಯಾರಾದರೂ ಅಳೆದಿದ್ದಾರೆಯೇ?

ಸಸ್ಯಶಾಸ್ತ್ರ ನಿವೃತ್ತೆ, ಶಿವಮೊಗ್ಗ

1965ರಲ್ಲಿ ಸ್ಕೋಲಾಂಡರ್ ಮತ್ತು ಜೊತೆಗಾರರು ಅಳೆದರು. ಎತ್ತರದ ಮರಗಳ ತುದಿಯ ರೆಂಬೆಗಳನ್ನು ಬಂದೂಕಿನಿಂದ ಹೊಡೆದು ಬೀಳಿಸಿ, ಕೂಡಲೇ ಒಂದು ಗಟ್ಟಿ ಡಬ್ಬಿಯೊಳಗೆ ಮುಚ್ಚಿ, ಕತ್ತರಿಸಿದ ತುದಿಯನ್ನಷ್ಟೇ ಹೊರಗಿಟ್ಟು, ಒಳಗೆ ಅನಿಲದ ಒತ್ತಡ ಏರಿಸುತ್ತಾ ಹೋದರು. ಒಳಸರಿದ ರಸ ಯಾವ ಒತ್ತಡಕ್ಕೆ ಮತ್ತೆ ತುದಿಯಲ್ಲಿ ಕಾಣಿಸಿಕೊಳ್ಳುತ್ತದೆಯೋ, ರೆಂಬೆ ಮರದಲ್ಲಿದ್ದಾಗ ಅಷ್ಟು ಸೆಳೆತ ಇತ್ತು ಎಂದು ತಿಳಿಯಬೇಕು. ಮೇಲೆ ಹೋದಂತೆ ಸೆಳೆತ ಹೆಚ್ಚುವುದೂ ಕಂಡಿತು. ಇದು ಪರೋಕ್ಷ ಅಳತೆ ಎಂದು ನೀವು ಹೇಳಿದರೆ ಒಪ್ಪುತ್ತೇನೆ. ಆ ಬಗ್ಗೆ ವಿಜ್ಞಾನಿಗಳಲ್ಲೂ ಬಹಳ ಜಗಳಗಳಾಗಿವೆ.

ಬಗನಿ ಮರ, ಶೃಂಗೇರಿ

ನನ್ನ ಅನುಭವ ಮೇಡಂ ಅವರ ಮಾತಿಗೆ ಪೂರ್ತಿ ವಿರುದ್ಧವಾಗಿದೆ. ನಮ್ಮ ಅಜ್ಜ ಬಗನಿ ಮರ ಕಟ್ಟುತ್ತಿದ್ದರು. ಹೂಗೊಂಚಲಿನ ದಂಟಿನ ತುದಿಯನ್ನು ದಿನವೂ ವೀಳ್ಯದೆಲೆಯಷ್ಟು ತೆಳ್ಳಗೆ ಸವರಿದರೆ ಹಗಲು ರಾತ್ರಿ ಎನ್ನದೆ ರಸ ತೊಟ್ಟಿಕ್ಕುತ್ತಿತ್ತು, ಅಷ್ಟು ಎತ್ತರದಲ್ಲಿ ಗಡಿಗೆ ತುಂಬುತ್ತಿತ್ತು. ಮರದೊಳಗೆ ಸೆಳೆತವೇ ಇರುವುದಾದರೆ ಗಾಯ ಗಾಳಿಯನ್ನು ಎಳೆದುಕೊಳ್ಳಬೇಕಲ್ಲವೇ? ಇಲ್ಲಿ ಹೊರಕ್ಕೆ ಸುರಿಯುತ್ತದೆ. ಹಾಗಾದರೆ ಬೇರು ನೂಕಿಯೇ ಬಂದದ್ದು.

ಕೆಸುವಿನ ಗದ್ದೆ, ಹೊಸನಗರ

ಅಣ್ಣ, ಆ ರಸ ಸಿಹಿ. ನಮ್ಮ ಕೆಸುವಿನ ಹನಿ ಸಪ್ಪೆ. ಎರಡೂ ಒಂದೇ ಕೊಳವೆಯಿಂದ ಬಂದದ್ದಾಗಿರಲಾರದು.

ಸಸ್ಯಶಾಸ್ತ್ರ ನಿವೃತ್ತೆ, ಶಿವಮೊಗ್ಗ

ತಂಗಿ ಹಿಡಿದ ಎಳೆಯೇ ಸರಿ. ಬಗನಿಯ ರಸ ಫ್ಲೋಯಮಿನದು. ಹುಡುಗಿಯ ಪಾಠದ ಉಳಿದ ಅರ್ಧ ಇಲ್ಲಿದೆ.

ಫ್ಲೋಯಂ ಕೊಳವೆ ಜೀವಂತ, ಅದರೊಳಗೆ ಸೆಳೆತವಿಲ್ಲ, ಒತ್ತಡವಿದೆ, ಅದೂ ಹತ್ತು ವಾಯುಭಾರದ ಸುಮಾರಿಗೆ. ಎಲೆ ತಾನು ಮಾಡಿದ ಸಕ್ಕರೆಯನ್ನು ತನ್ನ ಶಕ್ತಿ ಖರ್ಚು ಮಾಡಿ ಫ್ಲೋಯಮಿಗೆ ತುಂಬುತ್ತದೆ. ರಸ ಮಂದವಾದಾಗ ಪಕ್ಕದ ಕ್ಸೈಲಮಿನಿಂದ ನೀರು ಅಭಿಸರಣದಿಂದ ಅದರೊಳಕ್ಕೆ ಬರುತ್ತದೆ, ಕೊಳವೆ ಉಬ್ಬುತ್ತದೆ. ಇನ್ನೊಂದು ತುದಿಯಲ್ಲಿ ಬೇರೋ, ಕಾಯಿಯೋ, ಹೊಸ ಹೊಂಬಾಳೆಯೋ ಸಕ್ಕರೆಯನ್ನು ತೆಗೆದುಕೊಳ್ಳುತ್ತದೆ, ಅಲ್ಲಿ ನೀರು ಹೊರಗೆ ಹೋಗಿ ಒತ್ತಡ ಇಳಿಯುತ್ತದೆ. ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ರಸ ಹರಿಯುತ್ತದೆ. 1930ರಲ್ಲಿ ಮ್ಯೂಂಕ್ ಹೇಳಿದ್ದು ಇದು. ಆದ್ದರಿಂದ ಫ್ಲೋಯಂ ಕೆಳಕ್ಕೆ ಮಾತ್ರ ಸಾಗಿಸುತ್ತದೆ ಎಂದು ಬರೆದರೆ ತಪ್ಪು, ಸಕ್ಕರೆ ಬೇಕಾದ ಕಡೆಗೆಲ್ಲ ಅದು ಹೋಗುತ್ತದೆ. ಅಜ್ಜ ದಿನವೂ ಸವರುತ್ತಿದ್ದದ್ದು ಮುಚ್ಚಿಕೊಳ್ಳುವ ಬಾಯಿಯನ್ನು ಮತ್ತೆ ತೆರೆಯಲು. ಆ ಬಾಯಿಯಲ್ಲಿ ಒತ್ತಡವೇ ಇಲ್ಲದ್ದರಿಂದ ಮರ ತನ್ನ ಸಕ್ಕರೆಯನ್ನು ಅಲ್ಲಿಗೇ ಕಳಿಸುತ್ತಿತ್ತು.

ಮೋಟಾರ್ ರಿಪೇರಿ, ಸಾಗರ

ಈಗ ನನಗೆ ಎಲ್ಲ ಒಂದಕ್ಕೊಂದು ಕೂಡಿಬಂತು. ತೀರ್ಥಹಳ್ಳಿಯವರೇ, ಮಗಳನ್ನು ಪಂಪಿನ ಹತ್ತಿರ ಕರೆದುಕೊಂಡು ಹೋಗಿ. ಸಕ್ಷನ್ ಕಡೆಯ ಹೋಸ್ ಪೈಪನ್ನು ಮುಟ್ಟಿಸಿ, ಅದರ ಮೈಯಲ್ಲಿ ಸುರುಳಿ ಸುರುಳಿಯಾಗಿ ಗಟ್ಟಿ ಬಳೆ ಇರುತ್ತದೆ. ಅದಿಲ್ಲದಿದ್ದರೆ ಪೈಪು ಒಳಕ್ಕೆ ಕುಸಿದು ಚಪ್ಪಟೆಯಾಗುತ್ತದೆ. ಡೆಲಿವರಿ ಕಡೆಯದು ಬಟ್ಟೆಯಂತೆ ಮೆತ್ತಗಿದ್ದು, ನೀರು ಬಂದಾಗ ಮಾತ್ರ ಉಬ್ಬುತ್ತದೆ. ಕ್ಸೈಲಂ ಗಟ್ಟಿ, ಫ್ಲೋಯಂ ಮೆತ್ತಗೆ ಇರಬೇಕಲ್ಲವೇ ಮೇಡಂ?

ಸಸ್ಯಶಾಸ್ತ್ರ ನಿವೃತ್ತೆ, ಶಿವಮೊಗ್ಗ

ಹೌದು. ಕ್ಸೈಲಮಿನ ಗೋಡೆಗೆ ಲಿಗ್ನಿನ್ ಎಂಬ ಗಟ್ಟಿ ಪದಾರ್ಥದ ಲೇಪವಿದೆ. ಎಳೆಯ ಕ್ಸೈಲಂ ಕೊಳವೆಗಳಲ್ಲಿ ಅದು ನೀವು ಹೇಳಿದ ಹಾಗೆಯೇ ಬಳೆಬಳೆಯಾಗಿ, ಸುರುಳಿಯಾಗಿ ಇರುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನಿಮ್ಮ ಸಕ್ಷನ್ ಹೋಸೇ ಕಾಣುತ್ತದೆ. ಮೂವತ್ತು ವರ್ಷ ಪಾಠ ಮಾಡಿದರೂ ನನಗೆ ಈ ಹೋಲಿಕೆ ಹೊಳೆದಿರಲಿಲ್ಲ.

ಪ್ರೌಢಶಾಲೆ ವಿಜ್ಞಾನ, ರಿಪ್ಪನ್‌ಪೇಟೆ

ಶಿಕ್ಷಕನಾಗಿ ಒಂದು ಎಚ್ಚರಿಕೆ. ಫ್ಲೋಯಂ ತೋರಿಸಲು ಕಾಂಡದ ಸುತ್ತ ಸಿಪ್ಪೆ ತೆಗೆಯುವ ಪ್ರಯೋಗ ಎಲ್ಲರಿಗೂ ಗೊತ್ತು. ದಾಸವಾಳಕ್ಕೋ ಸೀಬೆಗೋ ಗೂಟಿ ಕಟ್ಟಿದಾಗ ಸಿಪ್ಪೆ ತೆಗೆದ ಜಾಗದ ಮೇಲಂಚು ದಪ್ಪವಾಗಿ, ಅಲ್ಲಿ ಬೇರೊಡೆಯುವುದು ಕಾಣುತ್ತದೆ. ಎಲೆ ಬಾಡುವುದಿಲ್ಲ, ಏಕೆಂದರೆ ಒಳಗಿನ ಕ್ಸೈಲಂ ಹಾಗೆಯೇ ಇದೆ. ಇದನ್ನೇ ಅಡಿಕೆ ಮರದಲ್ಲಿ ತೋರಿಸಲು ಹೋಗಿ ನಾನು ಮಕ್ಕಳ ಮುಂದೆ ಪೆಚ್ಚಾದೆ. ತಿಂಗಳುಗಟ್ಟಲೆ ಕಾದರೂ ಅಲ್ಲಿ ಏನೂ ಆಗಲಿಲ್ಲ. ಅಡಿಕೆ, ತೆಂಗು, ಬಗನಿಗಳಲ್ಲಿ ಕ್ಸೈಲಂ ಮತ್ತು ಫ್ಲೋಯಂ ಜೊತೆಜೊತೆಯಾಗಿ ಕಟ್ಟುಕಟ್ಟಾಗಿ ಇಡೀ ಕಾಂಡದ ಒಳಗೆ ಚದುರಿರುತ್ತವೆ, ಹೊರಗೆ ಸುಲಿದರೆ ಫ್ಲೋಯಂ ಬರುವುದಿಲ್ಲ ಎಂದು ಆಮೇಲೆ ತಿಳಿದುಕೊಂಡೆ. ಒಣಗಿದ ಅಡಿಕೆ ದಬ್ಬೆಯನ್ನು ಸೀಳಿದಾಗ ಬರುವ ನಾರು ಆ ಕಟ್ಟುಗಳೇ.

ತೋಟದಮನೆ, ತೀರ್ಥಹಳ್ಳಿ

ನಮ್ಮ ತೋಟದಲ್ಲಿ ಹಗ್ಗ ಉಜ್ಜಿ ಸುತ್ತಲೂ ಸಿಪ್ಪೆ ಕಿತ್ತುಹೋದ ಮರವೊಂದು ಹತ್ತು ವರ್ಷದಿಂದ ಗೊನೆ ಬಿಡುತ್ತಿರುವುದಕ್ಕೆ ಕಾರಣ ಈಗ ತಿಳಿಯಿತು.

ಮಗಳ ಹೊಸ ಪ್ರಶ್ನೆ: ಆಗುಂಬೆಯ ಕಡೆ ಮಳೆಗಾಲದಲ್ಲಿ ತಿಂಗಳುಗಟ್ಟಲೆ ಎಲೆ ಒದ್ದೆಯಾಗಿಯೇ ಇರುತ್ತದೆ, ಆವಿಯಾಗುವುದೇ ಇಲ್ಲ. ಆಗ ಮರಕ್ಕೆ ನೀರು ಹೇಗೆ?

ಸಸ್ಯಶಾಸ್ತ್ರ ನಿವೃತ್ತೆ, ಶಿವಮೊಗ್ಗ

ಆವಿಯಾಗದಿದ್ದರೆ ಖರ್ಚೂ ಇಲ್ಲ, ಬೇಕಾಗುವ ನೀರು ಬಹಳ ಕಡಿಮೆ. ಬೆಳೆಯುವ ಚಿಗುರು ತೆಗೆದುಕೊಳ್ಳುವುದು, ಫ್ಲೋಯಂ ಕ್ಸೈಲಮಿನಿಂದ ಎತ್ತಿಕೊಳ್ಳುವುದು, ಇಷ್ಟೇ ಸಣ್ಣ ಎಳೆತ ಸಾಕಾಗುತ್ತದೆ. ಜೊತೆಗೆ ಬೇರಿನ ಒತ್ತಡ ಕೆಲಸ ಮಾಡುತ್ತದೆ. ಬೇಸಿಗೆಯಲ್ಲಿ ಗಾಳಿ ಹಿಡಿದ ಕೊಳವೆಗಳು ಮಳೆಗಾಲದ ಆ ಒತ್ತಡದಿಂದ ಮತ್ತೆ ತುಂಬಿಕೊಳ್ಳುತ್ತವೆಯೇ ಎಂಬುದು ಒಳ್ಳೆಯ ಪ್ರಶ್ನೆ. ಅಡಿಕೆಯಂಥ ಮರ ಮಾವಿನಂತೆ ಪ್ರತಿ ವರ್ಷ ಹೊಸ ಕ್ಸೈಲಂ ಸುತ್ತು ಮಾಡಿಕೊಳ್ಳುವುದಿಲ್ಲ, ಬುಡದಲ್ಲಿ ಹುಟ್ಟಿದ ಕೊಳವೆಗಳಲ್ಲೇ ಜೀವಮಾನವಿಡೀ ಬದುಕಬೇಕು. ಪಕ್ಕದ ಕೊಳವೆಗಳು ಸೆಳೆತದಲ್ಲಿರುವಾಗಲೇ ಗಾಳಿ ಹಿಡಿದ ಕೊಳವೆ ಮರುಪೂರಣವಾಗಬಲ್ಲದೇ ಎಂಬ ಬಗ್ಗೆ ಇಂದಿಗೂ ಒಮ್ಮತವಿಲ್ಲ.

ಹುಡುಗಿಗೆ ಒಂದು ಕೆಲಸ ಕೊಡುತ್ತೇನೆ. ಕುಂಡದಲ್ಲಿ ಗೌರಿಹೂವಿನ ಗಿಡ ಇದ್ದರೆ, ಬಿಸಿಲಿನಲ್ಲಿ ಒಂದು ಕವಲನ್ನು ಮೆಲ್ಲಗೆ ಬಗ್ಗಿಸಿ, ಕೆಂಪು ಶಾಯಿ ಬೆರೆಸಿದ ನೀರಿನ ತಟ್ಟೆಯೊಳಗೆ ಮುಳುಗಿಸಿ, ನೀರಿನ ಒಳಗೇ ಬ್ಲೇಡಿನಿಂದ ಕತ್ತರಿಸಲಿ. ಬ್ಲೇಡನ್ನು ನೀವೇ ಹಿಡಿಯಿರಿ. ಒಂದು ನಿಮಿಷ ಬಿಟ್ಟು ಎರಡೂ ತುಂಡುಗಳನ್ನು ಅಡ್ಡಡ್ಡವಾಗಿ ಸೀಳಿ ನೋಡಿ. ಬೆಳಗಿನ ಜಾವ ಇನ್ನೊಂದು ಕವಲಿಗೆ ಹಾಗೆಯೇ ಮಾಡಿ.

ತೋಟದಮನೆ, ತೀರ್ಥಹಳ್ಳಿ

ಮಾಡಿದೆವು. ಮಧ್ಯಾಹ್ನ ಕತ್ತರಿಸಿದಾಗ ಕೆಂಪು ಬಣ್ಣ ಎಲೆಯ ಕಡೆಗೂ ಓಡಿತ್ತು, ಬೇರಿನ ಕಡೆಗೂ ಓಡಿತ್ತು. ಬುಡದ ಮೋಟಿನಲ್ಲಿ ನಾಲ್ಕು ಬೆರಳು ಕೆಳಗೆ ಸೀಳಿದರೂ ಕೆಂಪು ಚುಕ್ಕಿಗಳು ಉಂಗುರದಂತೆ ಕಂಡವು. ಬೇರು ನೂಕುತ್ತಿದ್ದರೆ ಬಣ್ಣ ಬುಡದ ಕಡೆಗೆ ಹೋಗುತ್ತಿರಲಿಲ್ಲ ಎಂದು ಮಗಳೇ ಹೇಳಿದಳು. ಬೆಳಗಿನ ಜಾವದ ಮೋಟಿನೊಳಗೆ ಬಣ್ಣವೇ ಇರಲಿಲ್ಲ. ತಟ್ಟೆಯಿಂದ ತೆಗೆದು ಒರೆಸಿದ ಮೇಲೆ ಅದರ ಬಾಯಿಯಲ್ಲಿ ಒಂದು ತಿಳಿ ಹನಿ ಬಂದು ನಿಂತಿತು.

ಮೂರನೆಯ ಕವಲೊಂದನ್ನು ಮೋಡದ ಮಧ್ಯಾಹ್ನ ಕತ್ತರಿಸಿದೆವು. ಎಲೆಯ ಕಡೆ ಬಣ್ಣ ಸ್ವಲ್ಪ ಏರಿತ್ತು, ಬುಡದ ಕಡೆ ಒಂದೇ ಒಂದು ಚುಕ್ಕಿ. ಆ ಹೊತ್ತಿನಲ್ಲಿ ಗಿಡ ಎಳೆಯುತ್ತಿತ್ತೋ ನೂಕುತ್ತಿತ್ತೋ ಎಂದು ನಾವಿಬ್ಬರೂ ವಾದ ಮಾಡುತ್ತಿದ್ದೇವೆ. ನಾಳೆ ಬಿಸಿಲು ಬಂದರೆ ಉಳಿದ ಎರಡು ಕವಲುಗಳನ್ನು ಹತ್ತು ಗಂಟೆಗೆ ಒಂದು, ಎರಡು ಗಂಟೆಗೆ ಒಂದು ಎಂದು ಕತ್ತರಿಸಿ ನೋಡುತ್ತೇವೆ.